ಲೇಬಲ್ ಹಚ್ಚಿದ ಮಾತ್ರಕ್ಕೆ ದನಿ ನಿಮ್ಮದಾಗದು

ಎಸ್.ಪಿ. ಬಾಲಸುಬ್ರಹ್ಮಣ್ಯಂ 2020ರಲ್ಲಿ ತೀರಿಕೊಂಡರು. 2023ರ ತೆಲುಗು ಚಿತ್ರ ‘ಕೀಡಾ ಕೋಲಾ’ದಲ್ಲಿ ಅವರ ದನಿ ಎಐ ಮೂಲಕ ಮತ್ತೆ ಕೇಳಿಸಿತು. ಮನೆಯವರನ್ನು ಕೇಳದೆ ಹೀಗೆ ಮಾಡಿದ್ದಾರೆಂದು ಮಗ ಎಸ್.ಪಿ. ಚರಣ್ ಚಿತ್ರತಂಡಕ್ಕೆ ಲೀಗಲ್ ನೋಟಿಸ್ ಕಳಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಎ.ಆರ್. ರೆಹಮಾನ್ ‘ಲಾಲ್ ಸಲಾಂ’ ಹಾಡಿಗೆ ಅಗಲಿದ ಇಬ್ಬರು ಗಾಯಕರ ದನಿ ಬಳಸಿದರು. ಎರಡೂ ಕುಟುಂಬಗಳ ಒಪ್ಪಿಗೆ ಪಡೆದು ಸಂಭಾವನೆಯನ್ನೂ ಕೊಟ್ಟಿದ್ದಾಗಿ ಹೇಳಿದರು.

ಸಿನಿಮಾದವರಿಗೆ ನೋಟಿಸ್ ಕಳಿಸಲು ಒಂದು ವಿಳಾಸವಾದರೂ ಇರುತ್ತದೆ. ಇದೇ ಕೆಲಸವನ್ನು ಜಾಹೀರಾತಿನ ಹಣ ಬರುವ ಯೂಟ್ಯೂಬ್ ಚಾನೆಲ್ ಮಾಡಿದರೆ? ಎಸ್‌ಪಿಬಿ ಎಂದೂ ಹಾಡದ ಭಕ್ತಿಗೀತೆಯೊಂದನ್ನು ಅವರ ನಕಲಿ ದನಿಯಲ್ಲಿ ಹಾಡಿಸಿ, ಒಂದು ಸ್ಥಿರಚಿತ್ರ ಇಟ್ಟು ಏರಿಸಿದರು ಅಂದುಕೊಳ್ಳಿ. 2024ರ ಮಾರ್ಚ್‌ನಿಂದ ಅಪ್‌ಲೋಡ್ ಹೊತ್ತಿನಲ್ಲೇ ಯೂಟ್ಯೂಬ್ ಕೇಳುತ್ತದೆ: ನಿಜವಾದ ವ್ಯಕ್ತಿ ಹೇಳದ್ದನ್ನು, ಮಾಡದ್ದನ್ನು ಹೇಳಿದಂತೆ, ಮಾಡಿದಂತೆ ತೋರಿಸಿದ್ದೀರಾ? ನಡೆಯದ ದೃಶ್ಯವನ್ನು ನಿಜದಂತೆ ಸೃಷ್ಟಿಸಿದ್ದೀರಾ? ಇಲ್ಲಿ ‘ಹೌದು’ ಎನ್ನಲೇಬೇಕು. ಪದೇ ಪದೇ ಮುಚ್ಚಿಟ್ಟರೆ ವಿಡಿಯೊ ಹೋಗಬಹುದು, ಆದಾಯ ಹಂಚಿಕೆಯ ಪಾಲುದಾರಿಕೆಯೂ ಅಮಾನತಾಗಬಹುದು. ಹೇಳಿಬಿಟ್ಟರೆ ವೀಕ್ಷಣೆ ಕುಸಿಯುತ್ತದೆ ಎಂಬ ಭಯ ಚಾನೆಲ್‌ನವರಿಗಿದೆ. ಹೇಳಿದ ಕಾರಣಕ್ಕೆ ವೀಕ್ಷಕರನ್ನಾಗಲಿ ಗಳಿಕೆಯನ್ನಾಗಲಿ ಕಡಿತ ಮಾಡುವುದಿಲ್ಲ ಎಂದು ಯೂಟ್ಯೂಬೇ ಹೇಳಿದೆ.

ನನ್ನ ತಕರಾರು ಇರುವುದು ಆ ‘ಹೌದು’ ಎಲ್ಲಿ ಕಾಣುತ್ತದೆ ಎಂಬುದರ ಬಗ್ಗೆ. ಆರೋಗ್ಯ, ಸುದ್ದಿ, ಚುನಾವಣೆ, ಹಣಕಾಸಿನ ವಿಡಿಯೊಗಳಲ್ಲಿ ಲೇಬಲ್ ಪರದೆಯ ಮೇಲೇ ಬರುತ್ತದೆ. ಉಳಿದವಕ್ಕೆ ಸಾಮಾನ್ಯವಾಗಿ ವಿವರಣೆಯ ಒಳಗೆ, ಬಿಚ್ಚಿ ನೋಡಿದರೆ ಮಾತ್ರ. ಮುಂಜಾನೆ ಅಡುಗೆಮನೆಯಲ್ಲಿ ಫೋನ್ ಬದಿಗಿಟ್ಟು ಹಾಡು ಕೇಳುವವರು ವಿವರಣೆ ಬಿಚ್ಚುತ್ತಾರೆಯೇ? ವಾಟ್ಸ್‌ಆ್ಯಪ್‌ಗೆ ಕತ್ತರಿಸಿ ಹಾಕಿದ ತುಣುಕಿನ ಜೊತೆ ಆ ವಿವರಣೆ ಹೋಗುವುದೇ ಇಲ್ಲ. ಈ ವಿಷಯದಲ್ಲಿ 2026ರ ಫೆಬ್ರವರಿಯಲ್ಲಿ ಜಾರಿಗೆ ಬಂದ ನಮ್ಮ ಐಟಿ ನಿಯಮಗಳ ತಿದ್ದುಪಡಿಯೇ ವಾಸಿ. ಕೃತಕ ಧ್ವನಿಯಾದರೆ ಆ ಮಾತು ಆರಂಭದಲ್ಲೇ ಕಿವಿಗೆ ಬೀಳಬೇಕು ಎಂದು ಅದು ಹೇಳುತ್ತದೆ. ಚಿತ್ರ ನೆಪಮಾತ್ರಕ್ಕಿರುವ ಇಂಥ ಹಾಡಿನ ವಿಡಿಯೊಗೂ ಇದೇ ಕ್ರಮ ಬೇಕು. ಆರಂಭದ ಮಾತನ್ನೂ ಕತ್ತರಿಸಬಹುದು, ನಿಜ. ಆದರೆ ಕತ್ತರಿಸಿದವನ ಉದ್ದೇಶ ಏನೆಂದು ಆಗ ಅನುಮಾನ ಉಳಿಯುವುದಿಲ್ಲ.

ಇಷ್ಟೆಲ್ಲ ಪಾಲಿಸಿದರೂ ಒಂದು ದೊಡ್ಡ ತಪ್ಪುಕಲ್ಪನೆ ಉಳಿದೇ ಇದೆ: ‘ಎಐ ಎಂದು ಬರೆದಿದ್ದೇವಲ್ಲ, ಇನ್ನೇನು?’ ಲೇಬಲ್ ಕೇಳುಗನಿಗೆ ಕೊಡುವ ಮಾಹಿತಿ. ದನಿಯ ಒಡೆಯನ ಒಪ್ಪಿಗೆ ಬೇರೆಯೇ ಸಂಗತಿ. 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಪರ ಮಧ್ಯಂತರ ಆದೇಶ ಕೊಟ್ಟಾಗ, ಅನುಮತಿಯಿಲ್ಲದೆ ಅವರ ದನಿಯನ್ನು ನಕಲು ಮಾಡುವುದಕ್ಕೇ ತಡೆ ಬಿತ್ತು. ಬದುಕಿರುವ ಗಾಯಕ ಕೋರ್ಟಿಗೆ ಹೋಗಬಲ್ಲ. ಅಗಲಿದವರ ಪರವಾಗಿ ಕುಟುಂಬ ಎಷ್ಟು ಚಾನೆಲ್‌ಗಳ ಹಿಂದೆ ಓಡಬೇಕು?

ಆದ್ದರಿಂದ ಅಪ್‌ಲೋಡ್ ಪುಟದಲ್ಲಿ ಇನ್ನೊಂದು ಪ್ರಶ್ನೆ ಬರಲಿ: ಇದು ಯಾರ ದನಿ, ಯಾರ ಒಪ್ಪಿಗೆ ಇದೆ? ಉತ್ತರಕ್ಕೆ ಪುರಾವೆ ಸಿಗುವವರೆಗೆ ಆ ವಿಡಿಯೊದ ಜಾಹೀರಾತು ಹಣವನ್ನು ಯೂಟ್ಯೂಬ್ ತಡೆಹಿಡಿಯಲಿ.