ಬಾಯಿ ವಾಸನೆಗೆ ಹೊಟ್ಟೆಯೇ ಕಾರಣವೇ? ಲವಂಗ ಜಗಿದರೆ ಹೋಗುತ್ತದೆಯೇ?

‘ಬಾಯಿ ವಾಸನೆ ಬರುತ್ತಿದ್ದರೆ ಹೊಟ್ಟೆ ಕೆಟ್ಟಿದೆ ಎಂದರ್ಥ. ಖಾಲಿ ಹೊಟ್ಟೆಯಲ್ಲಿ ನಿಂಬೆರಸ ಕುಡಿದು ಎರಡು ಲವಂಗ ಜಗಿಯಿರಿ, ವಾರದಲ್ಲಿ ಮಾಯ!’ ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ನಿಜವೆಷ್ಟು?

ಹೊಟ್ಟೆ ಮತ್ತು ಬಾಯಿಯ ನಡುವಿನ ಅನ್ನನಾಳ ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುತ್ತದೆ. ತೇಗು ಬಂದಾಗ, ಹುಳಿ ನೀರು ಮೇಲೆ ಬಂದಾಗ ಮಾತ್ರ ಹೊಟ್ಟೆಯ ವಾಸನೆ ಬಾಯಿಗೆ ತಲುಪುತ್ತದೆ. ದಿನವೂ ಕಾಡುವ ದುರ್ವಾಸನೆ ಹುಟ್ಟುವುದು ಹೆಚ್ಚಿನವರಲ್ಲಿ ಬಾಯಿಯೊಳಗೇ. ನಾಲಿಗೆಯ ಹಿಂಭಾಗ, ಹಲ್ಲುಗಳ ಸಂದು, ವಸಡಿನ ಅಂಚು ಈ ಮೂರು ಜಾಗಗಳಲ್ಲಿ ಗಾಳಿ ತಾಗದೆ ಬದುಕುವ ಬ್ಯಾಕ್ಟೀರಿಯಾಗಳಿರುತ್ತವೆ. ಆಹಾರದ ಚೂರು ಮತ್ತು ಸತ್ತ ಜೀವಕೋಶಗಳಲ್ಲಿರುವ ಪ್ರೋಟೀನನ್ನು ಒಡೆದಾಗ ಅವು ಗಂಧಕದ ಅನಿಲಗಳನ್ನು ಬಿಡುತ್ತವೆ. ಅವುಗಳಲ್ಲಿ ಒಂದು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ ಅದರದೇ.

ಈ ಬ್ಯಾಕ್ಟೀರಿಯಾಗಳನ್ನು ಹತೋಟಿಯಲ್ಲಿಡುವುದು ಜೊಲ್ಲು. ಅದು ಬಾಯಿಯನ್ನು ಸದಾ ತೊಳೆಯುತ್ತಿರುತ್ತದೆ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುವುದರಿಂದಲೇ ಎದ್ದ ಕೂಡಲೇ ಎಲ್ಲರ ಬಾಯಿಯೂ ವಾಸನೆ ಬರುತ್ತದೆ. ಅದು ರೋಗವಲ್ಲ.

ಬೆಳ್ಳುಳ್ಳಿಯ ಕಥೆ ಬೇರೆ. ಅದರ ಒಂದು ಗಂಧಕದ ಅಂಶ ರಕ್ತಕ್ಕೆ ಸೇರಿ, ಶ್ವಾಸಕೋಶದ ಮೂಲಕ ಉಸಿರಿನಲ್ಲಿ ಹೊರಬರುತ್ತದೆ. ಆದ್ದರಿಂದ ಎಷ್ಟು ಹಲ್ಲುಜ್ಜಿದರೂ ಅದು ಪೂರ್ತಿ ಹೋಗುವುದಿಲ್ಲ. ಒಂದು ದಿನದೊಳಗೆ ತಾನಾಗಿಯೇ ಕಡಿಮೆಯಾಗುತ್ತದೆ.

ಒಂದು ಉದಾಹರಣೆ ನೋಡೋಣ. ಐವತ್ತು ದಾಟಿದ ಒಬ್ಬರು ಬಿಪಿ ಮಾತ್ರೆ ನುಂಗುತ್ತಾರೆ, ದಿನಕ್ಕೆ ನಾಲ್ಕೈದು ಕಾಫಿ ಕುಡಿಯುತ್ತಾರೆ, ನೀರು ಕಡಿಮೆ. ಬೆಳಗ್ಗೆ ಒಮ್ಮೆ ಹಲ್ಲುಜ್ಜುತ್ತಾರೆ, ಉಜ್ಜುವಾಗ ರಕ್ತ ಬರುತ್ತದೆ. ರಕ್ತ ಬರುತ್ತದೆಂದು ಆ ಜಾಗವನ್ನು ಉಜ್ಜದೆ ಬಿಡುತ್ತಾರೆ. ಜೇಬಿನಲ್ಲಿ ಸದಾ ಲವಂಗ. ಇಲ್ಲಿ ಎರಡು ಕಾರಣಗಳು ಸೇರಿವೆ. ಹೆಚ್ಚು ಮೂತ್ರ ಹೋಗಿಸುವ ಬಗೆಯ ಬಿಪಿ ಮಾತ್ರೆಗಳು ಬಾಯಿ ಒಣಗಿಸಬಲ್ಲವು. ಅಲರ್ಜಿ ಮತ್ತು ಖಿನ್ನತೆಯ ಕೆಲವು ಮಾತ್ರೆಗಳೂ ಹಾಗೆಯೇ. ಇನ್ನೊಂದು, ರಕ್ತ ಬರುವ ವಸಡು ಎಂದರೆ ಊದಿಕೊಂಡ ವಸಡು. ಅದರಡಿ ಪಾಚಿ ಗಟ್ಟಿಯಾಗಿ ಕೂತಿದೆ. ಲವಂಗ ತನ್ನ ಘಾಟಿನಿಂದ ವಾಸನೆಯನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ, ಪಾಚಿಯನ್ನು ತೆಗೆಯುವುದಿಲ್ಲ. ದಿನವೂ ನಿಂಬೆರಸ ಕುಡಿದರೆ ಅದರ ಹುಳಿ ಹಲ್ಲಿನ ಮೇಲ್ಪದರವನ್ನೇ ಸವೆಸುತ್ತದೆ.

ಗಟ್ಟಿಯಾದ ಪಾಚಿ ಬ್ರಷ್‌ಗೆ ಬರುವುದಿಲ್ಲ, ದಂತವೈದ್ಯರೇ ಕ್ಲೀನಿಂಗ್ ಮಾಡಬೇಕು. ‘ಕ್ಲೀನ್ ಮಾಡಿಸಿದರೆ ಹಲ್ಲು ಅಲುಗಾಡುತ್ತದೆ’ ಎಂಬ ಭಯದಿಂದ ಹಲವರು ಹೋಗುವುದಿಲ್ಲ. ಅಲುಗಾಡುವಂತೆ ಮಾಡುವುದು ಕ್ಲೀನಿಂಗ್ ಅಲ್ಲ, ವಸಡಿನ ರೋಗ. ಪಾಚಿ ತುಂಬಿದ್ದ ಜಾಗ ಖಾಲಿಯಾದಾಗ ಸಂದು ಎದ್ದು ಕಾಣುತ್ತದೆ, ಅಷ್ಟೆ.

ಆಮೇಲೆ ಮನೆಯಲ್ಲಿ ಮಾಡಬೇಕಾದದ್ದು ಇಷ್ಟು: ಬೆಳಗ್ಗೆ ಮತ್ತು ಮಲಗುವ ಮುನ್ನ ಮೆದು ಬ್ರಷ್‌ನಿಂದ, ಫ್ಲೋರೈಡ್ ಪೇಸ್ಟ್ ಹಾಕಿ 2 ನಿಮಿಷ ಉಜ್ಜುವುದು. ಬ್ರಷ್ ಮುಟ್ಟದ ಸಂದುಗಳಿಗೆ ದಿನಕ್ಕೊಮ್ಮೆ ಹಲ್ಲಿನ ದಾರ ಹಾಕುವುದು. ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ, ಮೆಲ್ಲಗೆ ಕೆರೆಯುವುದು. ಬಿಳಿ ಪದರ ಹೆಚ್ಚಾಗಿ ಕೂರುವುದು ಹಿಂಭಾಗದಲ್ಲೇ. ಆಗಾಗ ಗುಟುಕು ನೀರು ಕುಡಿಯುವುದು. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದು ತೊಳೆದಿಡುವುದು. ಬಾಯಿ ಒಣಗಿಸುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬದಲಿ ಇದೆಯೇ ಎಂದು ವೈದ್ಯರನ್ನು ಕೇಳಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಒಣ ಬಾಯಿಗೆ ಬೇಡ.

ವಾಸನೆ ಇದೆಯೇ ಎಂದು ತಿಳಿಯುವುದು ಹೇಗೆ? ಅಂಗೈಗೆ ಊದಿ ನೋಡಿದರೆ ಸರಿಯಾಗಿ ಗೊತ್ತಾಗುವುದಿಲ್ಲ. ಮಣಿಕಟ್ಟನ್ನು ನೆಕ್ಕಿ, ಕೆಲವು ಸೆಕೆಂಡು ಒಣಗಲು ಬಿಟ್ಟು ಮೂಸಿ ನೋಡಿ. ಅದಕ್ಕಿಂತ ಒಳ್ಳೆಯದು ಮನೆಯವರೊಬ್ಬರನ್ನು ಕೇಳುವುದು.

ಕೆಲವು ವಾರ ಇಷ್ಟೆಲ್ಲ ಮಾಡಿ, ದಂತವೈದ್ಯರೂ ಬಾಯಿ ಸರಿಯಿದೆ ಎಂದರೆ ಆಗ ಟಾನ್ಸಿಲ್, ಸೈನಸ್, ಎದೆಯುರಿ ಇವುಗಳನ್ನು ನೋಡಿಸಬೇಕು. ಸಕ್ಕರೆ ಕಾಯಿಲೆ ಇದ್ದವರ ಉಸಿರಿನಲ್ಲಿ ಕಳಿತ ಹಣ್ಣಿನಂಥ ವಾಸನೆ ಬಂದು, ಜೊತೆಗೆ ವಾಂತಿ, ಸುಸ್ತು, ಏದುಸಿರು ಇದ್ದರೆ ಮಾತ್ರ ಕಾಯಬೇಡಿ. ಅದು ತುರ್ತು ಸ್ಥಿತಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು.