ಉತ್ಸವದ ಉಳಿಕೆ ಯಾರದು?

ಗೋರೆಗಾಂವಿನ ನಮ್ಮ ಮಂದಿರಗಳಲ್ಲಿ ವಾರ್ಷಿಕ ಉತ್ಸವ ಮುಗಿದ ಕೆಲವು ತಿಂಗಳಿಗೆ ಮಹಾಸಭೆಯ ವರದಿ ಕೈಗೆ ಬರುತ್ತದೆ. ಪ್ರತಿಷ್ಠಾ ವರ್ಧಂತಿಯಾಗಲಿ, ಶನೀಶ್ವರ ಮಹಾಪೂಜೆಯಾಗಲಿ, ಅಲ್ಲಿ ಕಾಣುವುದು ಸಾಮಾನ್ಯವಾಗಿ ಒಂದೇ ಸಾಲು: ಉತ್ಸವದ ಜಮೆ ಇಷ್ಟು, ಖರ್ಚು ಇಷ್ಟು, ಉಳಿಕೆ ಇಷ್ಟು. ಉಳಿಕೆ ಇದೆಯೆಂದ ಮೇಲೆ ಸಭೆ ಚಪ್ಪಾಳೆ ತಟ್ಟಿ ಮುಂದಿನ ವಿಷಯಕ್ಕೆ ಹೋಗುತ್ತದೆ. ಆ ಒಂದು ಸಾಲನ್ನು ಒಡೆದು ನೋಡದ ಹೊರತು ಉಳಿಕೆ ಎಂಬ ಮಾತಿಗೆ ಅರ್ಥವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಲೆಕ್ಕ ಕಣ್ಣಿಗೆ ಕಾಣಲೆಂದು ದುಂಡು ಸಂಖ್ಯೆಗಳ ಒಂದು ಕಲ್ಪಿತ ಉತ್ಸವವನ್ನು ತೆಗೆದುಕೊಳ್ಳೋಣ. ಒಟ್ಟು ಜಮೆ 9,00,000 ರೂಪಾಯಿ, ಖರ್ಚು 8,40,000, ಉಳಿಕೆ 60,000. ಜಮೆಯನ್ನು ಬಿಡಿಸಿದರೆ ಅನ್ನದಾನಕ್ಕೆಂದೇ ಭಕ್ತರು ಕೊಟ್ಟದ್ದು 3,60,000. ಗಣಹೋಮ, ಕಲಶಾಭಿಷೇಕ, ರಂಗಪೂಜೆ ಮೊದಲಾದ ಸೇವೆಗಳಿಂದ ಬಂದದ್ದು 2,40,000. ಸಾಮಾನ್ಯ ದೇಣಿಗೆ ಮತ್ತು ಸ್ಮರಣ ಸಂಚಿಕೆಯ ಜಾಹೀರಾತು 1,80,000. ಕಾಣಿಕೆ ಹುಂಡಿ 1,20,000. ಖರ್ಚಿನ ಕಡೆ ಊಟಕ್ಕೆ 2,20,000, ಪೂಜೆ ಹೋಮಗಳ ಸಾಮಗ್ರಿ ಮತ್ತು ದಕ್ಷಿಣೆಗೆ 1,90,000, ಚಪ್ಪರ, ದೀಪ, ಧ್ವನಿವರ್ಧಕಕ್ಕೆ 2,60,000, ಯಕ್ಷಗಾನ ಮತ್ತು ವೇದಿಕೆಯ ಸನ್ಮಾನಗಳಿಗೆ 1,70,000.

ಈಗ ಅನ್ನದಾನವೊಂದರಲ್ಲೇ 1,40,000 ಉಳಿದಿರಬೇಕು. ಆದರೆ ಇಡೀ ಉತ್ಸವದಲ್ಲಿ ಉಳಿದಿರುವುದೇ 60,000. ಚಪ್ಪರಕ್ಕೂ ವೇದಿಕೆಗೂ ಸೇರಿ 4,30,000 ಖರ್ಚಾಗಿದೆ. ಅದಕ್ಕೆಂದು ಮುಕ್ತವಾಗಿ ಬಳಸಬಹುದಾದ ದೇಣಿಗೆ ಮತ್ತು ಹುಂಡಿಯ ಹಣ 3,00,000 ಮಾತ್ರ. ಸೇವೆಗಳಿಂದ ಮಿಕ್ಕ 50,000ವನ್ನು ಸೇರಿಸಿದರೂ 80,000 ಕಡಿಮೆ. ಆ ಕೊರತೆ ತುಂಬಿದ್ದು ಅನ್ನದ ಹಣದಿಂದ. ಇಲ್ಲಿ ಯಾರೂ ಕದ್ದಿಲ್ಲ, ಪ್ರತಿ ರೂಪಾಯಿಗೂ ರಸೀದಿ ಇರಬಹುದು. ಆದರೂ ಹತ್ತು ಜನರ ಊಟಕ್ಕೆಂದು ಮಗುವಿನ ಹುಟ್ಟುಹಬ್ಬದ ದಿನ ಹಣ ಕೊಟ್ಟವರ ದುಡ್ಡು ದೀಪಾಲಂಕಾರವಾಗಿ ಹೊಳೆದುಹೋಗಿದೆ.

ಕಾರ್ಯಕಾರಿ ಸಮಿತಿಯವರು ಇದಕ್ಕೆ ಒಂದು ನ್ಯಾಯವಾದ ಉತ್ತರ ಕೊಡುತ್ತಾರೆ: ಊಟ ಬಡಿಸಲು ಚಪ್ಪರ ಬೇಡವೇ, ನೀರಿನ ಟ್ಯಾಂಕರ್ ಬೇಡವೇ, ಪಾತ್ರೆಗಳಿಗೆ ಬಾಡಿಗೆ ಇಲ್ಲವೇ? ಇದೆ. ನಮ್ಮ ಉದಾಹರಣೆಯಲ್ಲಿ ಆ 2,60,000ದಲ್ಲಿ 60,000 ಊಟದ ಪಂಕ್ತಿಗೆ ಸೇರಿದ್ದೆನ್ನೋಣ. ಆಗ ಅನ್ನದಾನದ ನಿಜವಾದ ಖರ್ಚು 2,80,000, ಉಳಿಯಬೇಕಾದದ್ದು 80,000. ಅನ್ನದ ಹಣದಿಂದ ಬೇರೆಡೆಗೆ ಹೋದದ್ದು 20,000 ಮಾತ್ರ. ಹಂಚಿಕೆ ಸರಿಯಾಗಿದ್ದರೆ ಸಮಿತಿಯ ಮಾತೂ ನಿಲ್ಲುತ್ತದೆ. ಆದರೆ ಈ ಹಂಚಿಕೆಯ ಪ್ರಮಾಣವನ್ನು ಉತ್ಸವಕ್ಕೆ ಮೊದಲೇ ಸಭೆಯ ನಡಾವಳಿಯಲ್ಲಿ ಬರೆದಿಡಬೇಕು. ನಂತರ ಮಾಡುವ ಹಂಚಿಕೆ ಬೇಕಾದ ಉತ್ತರಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ.

ಹೊರೆಕಾಣಿಕೆಯ ಸಂಗತಿಯೂ ಇದಕ್ಕೆ ಸೇರಿದ್ದೇ. ಅಕ್ಕಿ, ತೆಂಗಿನಕಾಯಿ, ಎಣ್ಣೆ, ಬೆಲ್ಲ ಮೆರವಣಿಗೆಯಲ್ಲಿ ಬರುತ್ತವೆ, ಫೋಟೋ ತೆಗೆಯುತ್ತೇವೆ, ಉಗ್ರಾಣಕ್ಕೆ ಸೇರಿಸುತ್ತೇವೆ, ಪುಸ್ತಕಕ್ಕೆ ಸೇರಿಸುವುದಿಲ್ಲ. ಬಂದ ಅಕ್ಕಿ ಎಷ್ಟು ಕಿಲೋ, ಬಳಸಿದ್ದು ಎಷ್ಟು, ಮಿಕ್ಕದ್ದು ಎಲ್ಲಿಗೆ ಹೋಯಿತು ಎಂಬ ಮೂರು ಅಂಕಣಗಳಿಲ್ಲದಿದ್ದರೆ, ಅಂಗಡಿಯಿಂದ ಕೊಂಡ ಅಕ್ಕಿಯ ಬಿಲ್ಲು ಸರಿಯೋ ತಪ್ಪೋ ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ.

ಇನ್ನು ನಗದಿನ ಮಾತು. ಉತ್ಸವದ ಲೆಕ್ಕ ಕೆಡುವುದು ಹೆಚ್ಚಾಗಿ ಸೇವಾ ಕೌಂಟರಿನಲ್ಲಿ, ಅದೂ ಒಳ್ಳೆಯ ಉದ್ದೇಶದಿಂದಲೇ. ಹೂವಿನವನು ಬಂದು ನಿಲ್ಲುತ್ತಾನೆ, ಖಜಾಂಚಿ ಮೆರವಣಿಗೆಯಲ್ಲಿದ್ದಾರೆ. ಕೌಂಟರಿನಲ್ಲಿ ಕುಳಿತವರು ಡ್ರಾಯರಿನಿಂದಲೇ 7,000 ಎಣಿಸಿ ಕೊಡುತ್ತಾರೆ. ಸಂಜೆ ಬ್ಯಾಂಕಿಗೆಂದು ಕಟ್ಟಿಡುವಾಗ ಉಳಿದ ಮೊತ್ತವನ್ನೇ ಜಮೆಯೆಂದು ಬರೆಯುತ್ತಾರೆ. ಅಲ್ಲಿಗೆ 7,000 ಜಮೆಯಿಂದಲೂ ಮಾಯ, ಖರ್ಚಿನಿಂದಲೂ ಮಾಯ. ಉಳಿಕೆಯಲ್ಲಿ ವ್ಯತ್ಯಾಸ ಕಾಣದ ಕಾರಣ ಯಾರಿಗೂ ಅನುಮಾನ ಬರುವುದಿಲ್ಲ. ಮುಂದಿನ ವರ್ಷ ಹೂವಿಗೆ ಎಷ್ಟು ಬೇಕೆಂದು ಅಂದಾಜು ಮಾಡುವಾಗ ಹಳೆಯ ಪುಸ್ತಕ ಸುಳ್ಳು ಹೇಳುತ್ತದೆ. ಇದನ್ನು ಹಿಡಿಯುವ ದಾರಿ ಒಂದೇ: ರಸೀದಿ ಪುಸ್ತಕಗಳಲ್ಲಿ ಉಳಿದ ಪ್ರತಿಗಳ ಮೊತ್ತವನ್ನು ಕೂಡಿ, ಬ್ಯಾಂಕಿಗೆ ತುಂಬಿದ ಚೀಟಿಯೊಡನೆ ತಾಳೆ ನೋಡುವುದು. ಎರಡೂ ರೂಪಾಯಿಗೆ ರೂಪಾಯಿ ಹೊಂದಬೇಕು. ತುರ್ತು ಖರ್ಚಿಗೆ ಖಜಾಂಚಿ ಬೇರೆಯೇ ಒಂದು ಮುಂಗಡ ಹಣ ಕೊಟ್ಟಿಟ್ಟರೆ ಡ್ರಾಯರಿಗೆ ಕೈಹಾಕುವ ಪ್ರಮೇಯವೇ ಬರುವುದಿಲ್ಲ. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗಿನ ರಸೀದಿ ಪುಸ್ತಕ ಯಾರ ಕೈಗೆ ಹೋಯಿತು, ಅರ್ಧ ಬರೆದ ಪುಸ್ತಕ ಮರಳಿ ಬಂತೇ ಎಂಬ ಪಟ್ಟಿಯೂ ಬೇಕು. ಬಿಲ್ಡಿಂಗಿನಿಂದ ಬಿಲ್ಡಿಂಗಿಗೆ ವಂತಿಗೆ ಎತ್ತಲು ಹೋದ ಪುಸ್ತಕಗಳೇ ಸಾಮಾನ್ಯವಾಗಿ ಮರಳುವುದಿಲ್ಲ.

ಹುಂಡಿಗೆ ರಸೀದಿ ಇಲ್ಲ. ಎಣಿಕೆಯೇ ಅದರ ಮೊದಲ ದಾಖಲೆ. ಎರಡು ಬೀಗ, ಎರಡು ಕೈಗಳಲ್ಲಿ ಕೀಲಿ, ಸಮಿತಿಗೆ ಸೇರದ ಇಬ್ಬರು ಭಕ್ತರ ಎದುರು ಎಣಿಕೆ, ಯಾವ ಮುಖಬೆಲೆಯ ನೋಟು ಎಷ್ಟು ಎಂಬ ಚೀಟಿಗೆ ಎಲ್ಲರ ಸಹಿ. ನಮ್ಮ ಉತ್ಸವಗಳು ರಜೆ ನೋಡಿಕೊಂಡು ಶನಿವಾರ ಭಾನುವಾರಗಳಂದು ನಡೆಯುವುದರಿಂದ ಎಣಿಸಿದ ಹಣ ಒಂದೆರಡು ರಾತ್ರಿ ಯಾರದೋ ಕಪಾಟಿನಲ್ಲಿರಬೇಕಾಗುತ್ತದೆ. ಎಣಿಕೆ ಚೀಟಿಯ ಮಹತ್ವ ಇರುವುದು ಅಲ್ಲೇ. ಚಿಲ್ಲರೆಯನ್ನು ಅಂಗಡಿಯವರಿಗೆ ಕೊಟ್ಟು ನೋಟು ಪಡೆದರೆ ಅದನ್ನೂ ಅದೇ ಚೀಟಿಯ ಕೆಳಗೆ ಬರೆಯಬೇಕು. ಆರತಿ ತಟ್ಟೆಯ ಕಾಣಿಕೆ ಅರ್ಚಕರದೋ ಟ್ರಸ್ಟಿನದೋ ಎಂಬುದನ್ನು ಊರಿನ ರೂಢಿಗೆ ಬಿಡದೆ ಮೊದಲೇ ನಿರ್ಧರಿಸುವುದು ಇಬ್ಬರ ಗೌರವಕ್ಕೂ ಒಳ್ಳೆಯದು.

ಕರಾವಳಿಯಲ್ಲಿ ಮೊಕ್ತೇಸರರ ಮನೆತನದ ಮಾತಿಗೆ ತಲೆಬಾಗಿ ಬೆಳೆದವರು ನಾವು. ಲೆಕ್ಕ ಕೇಳುವುದೆಂದರೆ ಅನುಮಾನಿಸುವುದೆಂಬ ಸಂಕೋಚ ಇಲ್ಲಿಗೂ ನಮ್ಮೊಂದಿಗೆ ಬಂದಿದೆ. ಆದರೆ ಇಲ್ಲಿ ನಮ್ಮ ಟ್ರಸ್ಟುಗಳು ಮುಂಬಯಿ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆ, 1950ರ ಅಡಿ ನೋಂದಣಿಯಾದವು; ಈಗ ಅದಕ್ಕೆ ಮಹಾರಾಷ್ಟ್ರದ ಹೆಸರಿದೆ. ಅದರ ಪ್ರಕಾರ ಲೆಕ್ಕಪರಿಶೋಧಕರು ತಮ್ಮ ತಪಾಸಣೆಯ ದಿನ ವಿಶ್ವಸ್ತರ ಕೈಯಲ್ಲಿರುವ ನಗದು ಪುಸ್ತಕಕ್ಕೆ ಹೊಂದುತ್ತದೆಯೇ ಎಂದು ವರದಿಯಲ್ಲಿ ಹೇಳಬೇಕು. ಅಷ್ಟರಲ್ಲಿ ಉತ್ಸವದ ನಗದು ಎಂದೋ ಖರ್ಚಾಗಿರುತ್ತದೆ. ಆದುದರಿಂದ ಶುದ್ಧ ವರದಿ ಬಂದಿದೆಯೆಂಬುದು ನಮ್ಮ ಪ್ರಶ್ನೆಗೆ ಉತ್ತರವಲ್ಲ. ಆದಾಯ ತೆರಿಗೆಯವರ ನಿಯಮವೊಂದು ಇನ್ನಷ್ಟು ಉಪಯುಕ್ತ: ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅದನ್ನು ಟ್ರಸ್ಟಿನ ಉದ್ದೇಶಕ್ಕೆ ಮಾಡಿದ ವ್ಯಯವೆಂದು ಅವರು ಪರಿಗಣಿಸುವುದಿಲ್ಲ. ಅಡುಗೆಯವರ ಲೆಕ್ಕ 9,500ರ ನಾಲ್ಕು ವೋಚರುಗಳಾಗಿ, ಒಂದೇ ಕೈಬರಹದಲ್ಲಿ, ನಾಲ್ಕು ಬೇರೆ ಬೇರೆ ತಾರೀಖುಗಳಲ್ಲಿ ಕಂಡರೆ ಆ ನಿಯಮವನ್ನು ಹೇಗೆ ದಾಟಲಾಗಿದೆಯೆಂದು ಬೇರೆ ಹೇಳಬೇಕಿಲ್ಲ. ಬ್ಯಾಂಕಿನ ಮೂಲಕ ಕೊಟ್ಟರೆ ಅಡುಗೆಯವರಿಗೂ ನಷ್ಟವಿಲ್ಲ.

ಅದೇ ಕಾಯ್ದೆ ಟ್ರಸ್ಟಿನ ವರ್ಷ ಆರಂಭವಾಗುವ ಒಂದು ತಿಂಗಳಾದರೂ ಮೊದಲು ಆಯವ್ಯಯದ ಅಂದಾಜನ್ನು ಚಾರಿಟಿ ಕಮಿಷನರ್ ಕಚೇರಿಗೆ ಸಲ್ಲಿಸಬೇಕೆನ್ನುತ್ತದೆ. ಏಪ್ರಿಲಿನಿಂದ ವರ್ಷವೆಂದರೆ ಅದು ಫೆಬ್ರವರಿಯೊಳಗೆ ಹೋಗಬೇಕು. ನಮ್ಮ ಹೆಚ್ಚಿನ ಉತ್ಸವ ಸಮಿತಿಗಳು ಹುಟ್ಟುವುದೇ ದೀಪಾವಳಿಯ ನಂತರ. ಹೀಗಾಗಿ ವರ್ಲಿಗೆ ಹೋಗುವ ಅಂದಾಜು ಒಂದು, ಚಪ್ಪರದ ಗುತ್ತಿಗೆದಾರನೊಡನೆ ಕುಳಿತು ಹಾಕುವ ಅಂದಾಜು ಇನ್ನೊಂದು. ಮೊದಲನೆಯದು ಹಿಂದಿನ ವರ್ಷದ ಸಂಖ್ಯೆಗಳಿಗೆ ಒಂದಿಷ್ಟು ಸೇರಿಸಿದ್ದು. ಈ ಎರಡನ್ನು ಒಂದಾಗಿಸಬೇಕಾದರೆ ಉತ್ಸವ ಮುಗಿದೊಡನೆಯೇ, ನೆನಪು ಹಸಿಯಾಗಿರುವಾಗ, ಸೇವಾವಾರು ಮತ್ತು ಸೌಲಭ್ಯವಾರು ಲೆಕ್ಕ ಬರೆದು ಮಂದಿರದ ಫಲಕದಲ್ಲಿ ಹಾಕಬೇಕು. ಒಂದು ಹಾಳೆ ಸಾಕು. ದಾನಿಗಳ ಹೆಸರಿನ ಉದ್ದನೆಯ ಪಟ್ಟಿಗೆ ಜಾಗ ಸಿಗುವ ಫಲಕದಲ್ಲಿ ಇದಕ್ಕೂ ಜಾಗವಿದೆ.

ನಮ್ಮ ಕಲ್ಪಿತ ಮಂದಿರದಲ್ಲಿ ಆ ಹಾಳೆ ಹೀಗಿರುತ್ತದೆ: ಅನ್ನದಾನ ನಿಧಿಗೆ ಸೇರಬೇಕಾದ್ದು 80,000, ಈಗ ಕೈಯಲ್ಲಿರುವುದು 60,000. ಉಳಿದ 20,000 ಮುಂದಿನ ವರ್ಷದ ಸಾಮಾನ್ಯ ದೇಣಿಗೆಯಿಂದ, ಚಪ್ಪರದ ಮುಂಗಡ ಕೊಡುವ ಮೊದಲು, ಆ ನಿಧಿಗೆ ಮರಳತಕ್ಕದ್ದು.