‘ತೊಂದರೆ ಆಗಿದ್ದಲ್ಲಿ ಕ್ಷಮಿಸಿ’ ಅಂದ್ರೆ ಮುಗೀತಾ?

ಫೆಸ್ಟ್ ಸೀಸನ್ ಬಂತು ಅಂದ್ರೆ ಎರಡು ಮೆಸೇಜ್ ಗ್ಯಾರಂಟಿ. ಒಂದು, ‘ಟಿಕೆಟ್ ಬೇಗ ತಗೊಳ್ಳಿ’. ಇನ್ನೊಂದು, ಟಿಕೆಟ್ ತಗೊಂಡ ಮೇಲೆ ಬರೋ ‘ತಾಂತ್ರಿಕ ದೋಷದಿಂದ ಕೆಲವರಿಗೆ ಎರಡು ಬಾರಿ ಹಣ ಕಡಿತವಾಗಿದೆ’. ನನ್ನ ತಕರಾರು ಈ ಎರಡನೇದರ ಬಗ್ಗೆ. ದುಡ್ಡು ಎರಡು ಸಲ ಕಟ್ ಆಗಿದ್ದರ ಬಗ್ಗೆ ಅಷ್ಟಿಲ್ಲ, ಅದು ಆಗ್ತದೆ. ಆದಮೇಲೆ ಬರೆಯೋ ಕ್ಷಮೆಯ ಬಗ್ಗೆ.

ಕಳೆದ ಸೆಮಿಸ್ಟರ್‌ನಲ್ಲಿ ಒಂದು ಕಾಲೇಜಿನ ಕಾರ್ಯಕ್ರಮದವರು ಕಳಿಸಿದ ಮೆಸೇಜ್‌ನ ಸಾರಾಂಶ ಹೀಗಿತ್ತು: ‘ತಾಂತ್ರಿಕ ದೋಷ ಆಗಿದೆ. ಹೆಚ್ಚುವರಿ ಹಣವನ್ನು ನಿಮ್ಮ ಬ್ಯಾಂಕ್ 5ರಿಂದ 7 ದಿನದೊಳಗೆ ತಾನಾಗಿಯೇ ಮರಳಿಸುತ್ತದೆ. ಬರದಿದ್ದರೆ ಈ ಫಾರ್ಮ್‌ನಲ್ಲಿ ನಿಮ್ಮ ಯುಪಿಐ ಐಡಿ ತುಂಬಿ. ಏನಾದರೂ ತೊಂದರೆ ಆಗಿದ್ದಲ್ಲಿ ವಿಷಾದಿಸುತ್ತೇವೆ.’ ಓದೋಕೆ ಚೆನ್ನಾಗಿಯೇ ಅದೆ. ಆದ್ರೆ ಎರಡನೇ ವಾಕ್ಯ ಸುಳ್ಳು, ಮೂರನೇದು ಅಪಾಯ, ನಾಲ್ಕನೇದು ಕ್ಷಮೆಯೇ ಅಲ್ಲ.

ಸುಳ್ಳು ಯಾಕೆ ಅಂತ ಹೇಳಬೇಕಂದ್ರೆ ದುಡ್ಡು ಎರಡು ಸಲ ಹೋಗಿದ್ದು ಹೇಗೆ ಅಂತ ನೋಡಬೇಕು. ನನ್ನ ಕ್ಲಾಸ್‌ಮೇಟ್ ಒಬ್ಬಳು ದೇವದುರ್ಗದವಳು. ಅವಳ ಅಕೌಂಟಿನಲ್ಲಿ ದುಡ್ಡು ಇರಲಿಲ್ಲ. ಹಂಗಾಗಿ ಹಾಸ್ಟೆಲ್‌ನಲ್ಲಿ ಕೂತು ಟಿಕೆಟ್ ಪೇಜ್ ತೆರೆದು, ಅಲ್ಲಿ ಬಂದ ಕ್ಯೂಆರ್ ಕೋಡಿನ ಸ್ಕ್ರೀನ್‌ಶಾಟ್ ಅಪ್ಪನಿಗೆ ವಾಟ್ಸಾಪ್ ಮಾಡಿದಳು. ನಮ್ಮಲ್ಲಿ ಅರ್ಧ ಜನ ಮಾಡೋದೇ ಇದು. ಅವರು ಪಿನ್ ಹಾಕಿದರು, ನೆಟ್‌ವರ್ಕ್ ನಿಧಾನ, ಆ್ಯಪ್‌ನಲ್ಲಿ ಚಕ್ರ ತಿರುಗುತ್ತಲೇ ಇತ್ತು. ಇತ್ತ ಟಿಕೆಟ್ ಪೇಜಿನ ಟೈಮರ್ ಮುಗಿದು ‘ಪೇಮೆಂಟ್ ವಿಫಲ, ಮತ್ತೆ ಪ್ರಯತ್ನಿಸಿ’ ಅಂತ ಬಂತು. ಅವಳು ಹೊಸ ಕ್ಯೂಆರ್ ಕಳಿಸಿ ‘ಆಗಿಲ್ಲಂತಪ್ಪ, ಇನ್ನೊಮ್ಮೆ ಹಾಕು’ ಅಂದಳು. ಅವರು ಹಾಕಿದರು. ಟಿಕೆಟ್ ಬಂತು. ಹತ್ತು ನಿಮಿಷ ಬಿಟ್ಟು ಅಪ್ಪನ ಫೋನ್: ‘ಯಾಕವ್ವ, ಮುನ್ನೂರು ಎರಡು ಸಲ ಹೋಗ್ಯಾವಲ್ಲ?’

ಇಲ್ಲಿ ಯಾರ ಕಂಪ್ಯೂಟರೂ ಕೆಟ್ಟಿಲ್ಲ ಅನ್ನೋದು ಗಮನಿಸಿ. ಟಿಕೆಟ್ ಪೇಜ್ ಪ್ರತಿ ಸಲ ಒಂದು ಹೊಸ ಆರ್ಡರ್ ನಂಬರ್ ಸೃಷ್ಟಿ ಮಾಡ್ತದೆ. ಮೊದಲ ಆರ್ಡರಿಗೆ ದುಡ್ಡು ಹೊರಟಿತ್ತು, ಆದ್ರೆ ‘ಬಂತು’ ಅನ್ನೋ ಸುದ್ದಿ ಗೇಟ್‌ವೇಯಿಂದ ಟಿಕೆಟ್ ಸರ್ವರಿಗೆ ತಲುಪೋದು ತಡವಾಯಿತು. ಅಷ್ಟರಲ್ಲಿ ಸರ್ವರ್ ಆ ಆರ್ಡರನ್ನು ಮುಚ್ಚಿ ಹಾಕಿತ್ತು. ಸುದ್ದಿ ಬಂದಾಗ ಕೇಳೋರು ಯಾರೂ ಇಲ್ಲ. ದುಡ್ಡು ಮಾತ್ರ ಆಯೋಜಕರ ಲೆಕ್ಕಕ್ಕೆ ಸೇರಿತು. ಎರಡನೇ ಆರ್ಡರ್, ಎರಡನೇ ದುಡ್ಡು, ಅದಕ್ಕೆ ಟಿಕೆಟ್.

ಈಗ ಬ್ಯಾಂಕಿನ ಕಡೆಯಿಂದ ನೋಡಿ. ಎರಡು ಬೇರೆ ಬೇರೆ ವ್ಯವಹಾರ, ಎರಡಕ್ಕೂ ಬೇರೆ ಬೇರೆ ಹನ್ನೆರಡು ಅಂಕಿಯ ಯುಟಿಆರ್ ನಂಬರ್, ಎರಡೂ ಯಶಸ್ವಿ. ಒಬ್ಬ ಮನುಷ್ಯ ಒಂದೇ ಅಂಗಡಿಯಲ್ಲಿ ಎರಡು ಸಲ ಚಹಾ ಕುಡಿದಂಗೆ. ಬ್ಯಾಂಕ್ ಯಾವುದನ್ನು ಯಾಕೆ ವಾಪಸ್ ಮಾಡಬೇಕು?

‘ಬ್ಯಾಂಕ್ ತಾನಾಗಿಯೇ ಮರಳಿಸುತ್ತದೆ’ ಅನ್ನೋ ಮಾತು ಗಾಳಿಯಿಂದ ಬಂದಿದ್ದಲ್ಲ, ಅದಕ್ಕೊಂದು ಮೂಲ ಅದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಒಂದು ಸುತ್ತೋಲೆ ಹೊರಡಿಸಿತು, ಅಕ್ಟೋಬರ್ 15ರಿಂದ ಅದು ಜಾರಿಗೆ ಬಂತು. ಯುಪಿಐನಲ್ಲಿ ಅಂಗಡಿಗೆ ಪೇಮೆಂಟ್ ಮಾಡಿದಾಗ ಗ್ರಾಹಕನ ಖಾತೆಯಿಂದ ದುಡ್ಡು ಹೋಗಿ, ಅಂಗಡಿಯವನಿಗೆ ದೃಢೀಕರಣ ಸಿಗದಿದ್ದರೆ, ಆ ದಿನ ಬಿಟ್ಟು ಐದು ದಿನದೊಳಗೆ ದುಡ್ಡು ತಾನಾಗಿ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಒಳ್ಳೆಯ ನಿಯಮ. ಆದ್ರೆ ಅದು ವಿಫಲವಾದ ವ್ಯವಹಾರಕ್ಕೆ ಮಾತ್ರ. ನಮ್ಮ ಕೇಸ್‌ನಲ್ಲಿ ವಿಫಲ ಆಗಿದ್ದು ಟಿಕೆಟ್ ಪೇಜು, ವ್ಯವಹಾರ ಅಲ್ಲ. ದುಡ್ಡು ಆಯೋಜಕರ ಹತ್ತಿರವೇ ಕೂತಿದೆ. ಅವರು ಕೈ ಬಿಡುವವರೆಗೂ ಅದು ಹೊರಡಲ್ಲ. ಐದು ದಿನ ಅಲ್ಲ, ಐದು ತಿಂಗಳು ಕಾದರೂ ಅಷ್ಟೇ.

ನಿಮ್ಮದು ಯಾವ ಕೇಸ್ ಅಂತ ತಿಳಿಯೋದು ಕಷ್ಟ ಇಲ್ಲ. ದುಡ್ಡು ಕೊಟ್ಟ ಫೋನಿನ ಯುಪಿಐ ಆ್ಯಪ್‌ನಲ್ಲಿ ಹಿಸ್ಟರಿ ತೆಗೆದು ನೋಡಿ. ಒಂದು ವ್ಯವಹಾರ PENDING ಅಥವಾ FAILED ಅಂತಿದ್ದರೆ ಬ್ಯಾಂಕಿನ ನಿಯಮ ಕೆಲಸ ಮಾಡ್ತದೆ, ಕಾಯಿರಿ, ಇಲ್ಲಾ ಆ್ಯಪ್‌ನಲ್ಲೇ ದೂರು ಹಾಕಿರಿ. ಎರಡೂ SUCCESS ಅಂತಿದ್ದು ಯುಟಿಆರ್ ಬೇರೆ ಬೇರೆ ಇದ್ದರೆ, ಕೇಳಬೇಕಾದ್ದು ಆಯೋಜಕರನ್ನೇ.

ಹಂಗಾದ್ರೆ ಪೇಜ್ ಯಾಕೆ ಅವಸರ ಮಾಡ್ತು? 2025ರ ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಕೈಕೊಟ್ಟಿದ್ದು ನೆನಪಿರಬೇಕು. ಕೆಲವು ಬ್ಯಾಂಕುಗಳು ‘ಆ ವ್ಯವಹಾರ ಏನಾಯ್ತು, ಏನಾಯ್ತು’ ಅಂತ ಹಳೆಯ ವ್ಯವಹಾರಗಳ ಬಗ್ಗೆಯೂ ಪದೇ ಪದೇ ಕೇಳಿ ವ್ಯವಸ್ಥೆಯ ಮೇಲೆ ಹೊರೆ ಹಾಕಿದ್ದು ಕಾರಣ ಅಂತ ಎನ್‌ಪಿಸಿಐ ಹೇಳಿತು. ಆಮೇಲೆ ಬಂದ ನಿಯಮದ ಪ್ರಕಾರ ಬ್ಯಾಂಕ್ ಮೊದಲ ಸಲ ಸ್ಥಿತಿ ಕೇಳೋಕೆ ಸ್ವಲ್ಪ ಹೊತ್ತು ಕಾಯಬೇಕು, ಒಟ್ಟು ಮೂರು ಸಲಕ್ಕಿಂತ ಹೆಚ್ಚು ಕೇಳುವಂತಿಲ್ಲ. ಅಂದ್ರೆ ಬ್ಯಾಂಕಿಗೇ ಸ್ವಲ್ಪ ಹೊತ್ತು ಉತ್ತರ ಗೊತ್ತಿಲ್ಲದೆ ಇರಬಹುದು. ಅಂಥದ್ರಲ್ಲಿ ಟಿಕೆಟ್ ಪೇಜು ಒಂದೇ ನಿಮಿಷಕ್ಕೆ ‘ವಿಫಲ’ ಅಂತ ತೀರ್ಪು ಕೊಟ್ಟುಬಿಟ್ರೆ? ಅದು ಹೇಳಬೇಕಿದ್ದ ಮಾತು ‘ಇನ್ನೂ ಗೊತ್ತಾಗಿಲ್ಲ, ಮತ್ತೆ ಪಾವತಿಸಬೇಡಿ’.

ಕ್ಷಮೆಗೆ ಬರೋಣ. ಬರೆಯೋಕೆ ಮೊದಲು ಮಾಡೋ ಕೆಲಸ ಒಂದಿದೆ: ಯಾರಿಗೆ ಎರಡು ಸಲ ಹೋಗಿದೆ ಅಂತ ಆಯೋಜಕರೇ ಹುಡುಕೋದು. ಸುಮ್ಮನೆ ಒಂದೇ ಫೋನ್ ನಂಬರಿನಿಂದ ಎರಡು ಪೇಮೆಂಟ್ ಬಂದವರ ಪಟ್ಟಿ ಮಾಡಿದರೆ, ಗೆಳತಿಗೂ ಸೇರಿಸಿ ಎರಡು ಟಿಕೆಟ್ ತಗೊಂಡವರೂ ಅದರಲ್ಲಿ ಬರ್ತಾರೆ. ಅವರಿಗೆ ರಿಫಂಡ್ ಆದ್ರೆ ಗೇಟ್‌ನಲ್ಲಿ ಜಗಳ. ಹುಡುಕಬೇಕಾದ್ದು ದುಡ್ಡು ಬಂದಿದೆ, ಟಿಕೆಟ್ ಇಲ್ಲ ಅನ್ನೋ ಪೇಮೆಂಟುಗಳನ್ನ. ಡಿಬಿಎಂಎಸ್ ಲ್ಯಾಬ್ ಮಾಡಿದ ಯಾರಿಗಾದರೂ ಇದು ಬರ್ತದೆ:

```sql
SELECT p.payment_id, p.phone, p.amount
FROM payments p
LEFT JOIN tickets t
  ON t.payment_id = p.payment_id
WHERE p.status = 'captured'
  AND t.payment_id IS NULL;
```

ಈ ಪಟ್ಟಿ ಕೈಯಲ್ಲಿ ಇದ್ದ ಮೇಲೆ ‘ಕೆಲವರಿಗೆ’ ಅಂತ ಎಲ್ಲರಿಗೂ ಮೆಸೇಜ್ ಹಾಕೋ ಅವಶ್ಯಕತೆ ಇಲ್ಲ. ಯಾರಿಗೆ ಆಗಿದೆಯೋ ಅವರಿಗೇ, ಅವರ ಹೆಸರು ಮತ್ತು ಮೊತ್ತದ ಜೊತೆ ಬರೆಯಬಹುದು. ‘ತೊಂದರೆ ಆಗಿದ್ದಲ್ಲಿ’ ಅನ್ನೋ ಆ ‘ಅಲ್ಲಿ’ ತಾನಾಗಿಯೇ ಬಿದ್ದು ಹೋಗ್ತದೆ. ಆಗಿದೆಯೋ ಇಲ್ಲವೋ ಅಂತ ಲೆಕ್ಕ ನೋಡಿದವರಿಗೆ ಗೊತ್ತಿರ್ತದಲ್ಲ.

ಇನ್ನು ಆ ಫಾರ್ಮ್. ನನಗೆ ಸಿಟ್ಟು ಬಂದಿದ್ದೇ ಅದಕ್ಕೆ. ಗೇಟ್‌ವೇ ಡ್ಯಾಶ್‌ಬೋರ್ಡ್‌ನಲ್ಲಿ ಆ ಪೇಮೆಂಟ್ ಮೇಲೆಯೇ ರಿಫಂಡ್ ಒತ್ತಿದರೆ ದುಡ್ಡು ಬಂದ ದಾರಿಯಲ್ಲೇ, ಬಂದ ಖಾತೆಗೇ ಹೋಗ್ತದೆ. ಯಾರ ಯುಪಿಐ ಐಡಿಯೂ ಬೇಡ. ಫಾರ್ಮ್ ತುಂಬಿಸಿಕೊಂಡು ಖಜಾಂಚಿ ತನ್ನ ಫೋನಿನಿಂದ ಒಬ್ಬೊಬ್ಬರಿಗೆ ಹಾಕ್ತಾ ಕೂತರೆ ಏನಾಗ್ತದೆ? ದುಡ್ಡು ಕೊಟ್ಟಿದ್ದು ದೇವದುರ್ಗದ ಅಪ್ಪ, ಫಾರ್ಮ್ ತುಂಬೋದು ಹಾಸ್ಟೆಲ್‌ನ ಮಗಳು, ರಿಫಂಡ್ ಬರೋದು ಮಗಳಿಗೆ. ಅಪ್ಪನ ಪಾಸ್‌ಬುಕ್‌ನಲ್ಲಿ ಆ ಮುನ್ನೂರು ಹೋಗಿದ್ದು ಹೋಗಿದ್ದೇ. ಅದೇ ಹೊತ್ತಿಗೆ ಯಾರೋ ಡ್ಯಾಶ್‌ಬೋರ್ಡ್‌ನಲ್ಲೂ ರಿಫಂಡ್ ಒತ್ತಿದ್ದರೆ ದುಡ್ಡು ಎರಡು ಸಲ ವಾಪಸ್. ಇಷ್ಟೇ ಅಲ್ಲ. ‘ರಿಫಂಡ್ ಫಾರ್ಮ್’ ಅಂತ ಒಂದು ಲಿಂಕ್ ಗ್ರೂಪಿನಲ್ಲಿ ಓಡಾಡಿದ ಮೇಲೆ ಅದೇ ಥರದ ಇನ್ನೊಂದು ಲಿಂಕನ್ನು ಕಳ್ಳರು ಹರಿಬಿಡೋದು ಎಷ್ಟು ಸುಲಭ! ದುಡ್ಡು ತಗೊಳ್ಳೋಕೆ ಪಿನ್ ಹಾಕೋದೇ ಬೇಡ ಅಂತ ನಮಗೆ ಗೊತ್ತು. ಮನೆಯಲ್ಲಿ ಇರೋರಿಗೆಲ್ಲ ಗೊತ್ತಿದೆಯಾ?

ಒಂದು ಮಾತು ಆಯೋಜಕರ ಪರವಾಗಿ. ರಿಫಂಡ್ ಒತ್ತೋಕೆ ಗೇಟ್‌ವೇ ಖಾತೆಯಲ್ಲಿ ದುಡ್ಡು ಇರಬೇಕು. ಟಿಕೆಟ್ ಹಣ ಒಂದೆರಡು ದಿನದಲ್ಲಿ ಕಮಿಟಿಯ ಬ್ಯಾಂಕ್ ಖಾತೆಗೆ ಸೆಟಲ್ ಆಗಿ, ಅಲ್ಲಿಂದ ಸೌಂಡ್ ಸಿಸ್ಟಮ್‌ನವನಿಗೆ ಅಡ್ವಾನ್ಸ್ ಹೋಗಿಬಿಟ್ಟಿರ್ತದೆ. ಆಗ ರಿಫಂಡ್ ಒತ್ತಿದರೆ ಬ್ಯಾಲೆನ್ಸ್ ಇಲ್ಲ ಅಂತ ಬರ್ತದೆ. ಬಹಳ ಸಲ ‘ಬ್ಯಾಂಕ್ ಮರಳಿಸುತ್ತದೆ’ ಅನ್ನೋ ವಾಕ್ಯದ ಹಿಂದೆ ಇರೋದು ಈ ಕಷ್ಟವೇ ಇರಬಹುದು ಅಂತ ನನ್ನ ಅನುಮಾನ. ಹಂಗಿದ್ರೆ ಅದನ್ನೇ ಹೇಳಬೇಕು: ಇಂಥ ದಿನ ದುಡ್ಡು ತುಂಬಿ ರಿಫಂಡ್ ಮಾಡ್ತೀವಿ ಅಂತ. ಒತ್ತದೇ ಇರೋ ರಿಫಂಡನ್ನ ‘ಆರಂಭಿಸಿದ್ದೇವೆ’ ಅಂತ ಬರೆಯಬಾರದು.

ನಾನಾಗಿದ್ರೆ ಹೀಗೆ ಬರೀತಿದ್ದೆ:

‘ಶುಕ್ರವಾರ ಸಂಜೆ ನೀವು ತಗೊಂಡ ಒಂದು ಟಿಕೆಟಿಗೆ ನಾವು ಎರಡು ಸಲ 300 ರೂಪಾಯಿ ತಗೊಂಡಿದ್ದೇವೆ. ಮೊದಲ ಪೇಮೆಂಟ್ ನಮಗೆ ಬಂದಿದ್ದರೂ ನಮ್ಮ ಪೇಜ್ ಅದನ್ನು ವಿಫಲ ಅಂತ ತೋರಿಸಿತು. ತಪ್ಪು ನಮ್ಮದು, ಕ್ಷಮಿಸಿ. ನಿಮ್ಮ ಟಿಕೆಟ್ ಹಾಗೇ ಇದೆ, ಅದರಲ್ಲಿ ಬದಲಾವಣೆ ಇಲ್ಲ. ಮೊದಲ ಪೇಮೆಂಟಿನ (ಯುಟಿಆರ್ ಕೊನೆಯ ಅಂಕಿಗಳು 4417) ಪೂರ್ತಿ 300 ರೂಪಾಯಿಯನ್ನು ಇಂದು ಬೆಳಿಗ್ಗೆ 11 ಗಂಟೆಗೆ ರಿಫಂಡ್ ಮಾಡಿದ್ದೇವೆ. ಯಾವ ಖಾತೆಯಿಂದ ಬಂದಿತ್ತೋ ಅದೇ ಖಾತೆಗೆ ಹೋಗುತ್ತದೆ. ಮನೆಯವರ ಖಾತೆಯಾಗಿದ್ದರೆ ದಯವಿಟ್ಟು ಅವರಿಗೆ ತಿಳಿಸಿ. ನೀವು ಏನೂ ಮಾಡಬೇಕಿಲ್ಲ: ಫಾರ್ಮ್ ಇಲ್ಲ, ಲಿಂಕ್ ಇಲ್ಲ, ಪಿನ್ ಬೇಡ. ಬ್ಯಾಂಕಿನಲ್ಲಿ ದೂರು ಕೊಡೋದೂ ಬೇಡ. ಮುಂದಿನ ಸೋಮವಾರದ ಒಳಗೆ ಬರದಿದ್ದರೆ ಈ ಮೆಸೇಜಿಗೇ ಉತ್ತರಿಸಿ, ರಿಫಂಡ್ ನಂಬರ್ ಕೊಡುತ್ತೇವೆ.’

ಬ್ಯಾಂಕಿನಲ್ಲಿ ದೂರು ಬೇಡ ಅನ್ನೋದನ್ನ ಬೇಕಂತಲೇ ಸೇರಿಸಿದ್ದು. ರಿಫಂಡ್ ದಾರಿಯಲ್ಲಿದ್ದಾಗಲೇ ಇನ್ನೊಂದು ಕಡೆ ದೂರು ಬಿದ್ದರೆ ಒಂದೇ 300ಕ್ಕೆ ಎರಡು ಕಡತ ತೆರೆದುಕೊಂಡು ಯಾರಿಗೆ ಏನು ಸಿಕ್ತು ಅಂತ ಗೊತ್ತಾಗೋದೇ ಇಲ್ಲ. ಕನ್ನಡದಲ್ಲಿ ಬರೆದಿದ್ದೂ ಬೇಕಂತಲೇ. ನಾನು ಹತ್ತನೇವರೆಗೆ, ಆಮೇಲೂ ಇಂಗ್ಲಿಷ್ ಮೀಡಿಯಮ್ಮೇ. ನನಗೆ ಇಂಗ್ಲಿಷ್ ಮೆಸೇಜ್ ಸಾಕಾಗಿತ್ತು. ಆದ್ರೆ ಈ ಮೆಸೇಜನ್ನ ಫಾರ್ವರ್ಡ್ ಮಾಡಬೇಕಾಗಿದ್ದು ದೇವದುರ್ಗಕ್ಕೆ. ನನ್ನ ಕ್ಲಾಸ್‌ಮೇಟ್ ಆ ಇಂಗ್ಲಿಷ್ ಮೆಸೇಜನ್ನು ಅಪ್ಪನಿಗೆ ಫೋನ್‌ನಲ್ಲಿ ಅನುವಾದ ಮಾಡಿ ಹೇಳಿದಳು. ‘ಬ್ಯಾಂಕಿನವರೇ ಹಾಕ್ತಾರಂತಪ್ಪ’ ಅಂತ. ಅವರು ಒಂದು ದಿನದ ಕೆಲಸ ಬಿಟ್ಟು ಬ್ಯಾಂಕಿಗೆ ಹೋಗಿ ಕೇಳಿದರು. ಕೌಂಟರಿನಲ್ಲಿ ಎರಡೂ ಎಂಟ್ರಿ ನೋಡಿ, ‘ಎರಡೂ ಸರಿಯಾಗೇ ಹೋಗ್ಯಾವಲ್ರೀ, ನಾವೇನು ಮಾಡಬೇಕು’ ಅಂದರಂತೆ. ಅವರು ಹೇಳಿದ್ದು ಸರಿಯಾಗೇ ಇತ್ತು.

ಈ ವರ್ಷದ ಟಿಕೆಟ್ ಪೇಜ್ ಮಾಡ್ತಿರೋ ಸೀನಿಯರ್ಸ್ ಇದನ್ನ ಓದ್ತಿದ್ರೆ ಮೂರು ವಿನಂತಿ. ಒಂದೇ ವಿದ್ಯಾರ್ಥಿಯ ಹಳೆಯ ಆರ್ಡರ್ ಏನಾಯ್ತು ಅಂತ ಗೊತ್ತಾಗುವವರೆಗೆ ಹೊಸ ಆರ್ಡರ್ ಕೊಡಬೇಡಿ. ತಡವಾಗಿ ಬಂದ ದುಡ್ಡಿಗೆ ಟಿಕೆಟ್ ಕೊಡೋಕೆ ಆಗದಿದ್ದರೆ, ಅದು ಬಂದ ಕೂಡಲೇ ಸರ್ವರೇ ರಿಫಂಡ್ ಕಳಿಸೋ ಹಾಗೆ ಬರೀರಿ. ಮತ್ತೆ ಫೆಸ್ಟ್ ಮುಗಿಯೋವರೆಗೂ ಗೇಟ್‌ವೇ ಖಾತೆಯಲ್ಲಿ ಒಂದಿಷ್ಟು ದುಡ್ಡು ಬಿಟ್ಟಿರಿ, ಸೌಂಡ್‌ನವನು ಎಷ್ಟೇ ಫೋನ್ ಮಾಡಿದರೂ.